ಚಿಮ್ನಿ ಫಿಲ್ಟರ್, ಒಲೆ ಹಿಂದಿನ ಟೈಲ್ಸ್: ಯಾವ ಜಿಡ್ಡಿಗೆ ಯಾವ ಸೋಡಾ?

ಚಿಮ್ನಿ ಫಿಲ್ಟರ್ ತೊಳೆಯಲು ಏನು ಹಾಕಬೇಕು ಎಂದು ಕೇಳಿದರೆ ಒಬ್ಬರು ಅಡುಗೆ ಸೋಡಾ ಎನ್ನುತ್ತಾರೆ, ಇನ್ನೊಬ್ಬರು ವಿನೆಗರ್ ಎನ್ನುತ್ತಾರೆ, ಸರ್ವಿಸ್‌ಗೆ ಬರುವವರು ಕಾಸ್ಟಿಕ್ ಸೋಡಾ ಇಲ್ಲದೆ ಆಗುವುದೇ ಇಲ್ಲ ಎನ್ನುತ್ತಾರೆ. ಒಂದು ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಪಕ್ಕದ ಮನೆಯ ಫಿಲ್ಟರನ್ನು ಕಪ್ಪಾಗಿಸಿಬಿಡುತ್ತದೆ. ಹೀಗಾಗಲು ಕಾರಣ ಎರಡೇ: ಫಿಲ್ಟರ್ ಯಾವ ಲೋಹದ್ದು ಮತ್ತು ಅದರ ಮೇಲಿನ ಜಿಡ್ಡು ಎಷ್ಟು ಹಳೆಯದು. ಈ ಎರಡು ಗೊತ್ತಾದರೆ ಯಾವುದನ್ನು ಹಾಕಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಮೊದಲು ಲೋಹ ನೋಡಿ

ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆಯ ಫಿಲ್ಟರ್. ಒಂದು ಬ್ಯಾಫಲ್: ಬಾಗಿಸಿದ ತಗಡಿನ ಪಟ್ಟಿಗಳನ್ನು ಎದುರುಬದುರಾಗಿ ಜೋಡಿಸಿರುತ್ತಾರೆ, ಹೊಗೆ ಆ ತಿರುವುಗಳಲ್ಲಿ ಹಾದುಹೋಗುವಾಗ ಎಣ್ಣೆ ತಗಡಿಗೆ ಅಂಟಿಕೊಂಡು ಕೆಳಗಿಳಿಯುತ್ತದೆ. ಇನ್ನೊಂದು ಮೆಶ್: ತೆಳುವಾದ ಜಾಲರಿಗಳನ್ನು ಪದರ ಪದರವಾಗಿ ಚೌಕಟ್ಟಿನೊಳಗೆ ಇಟ್ಟಿರುತ್ತಾರೆ. ಬ್ಯಾಫಲ್ ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲ್, ಮೆಶ್ ಸಾಮಾನ್ಯವಾಗಿ ಅಲ್ಯೂಮಿನಿಯಂ. ಆದರೆ ಅಲ್ಯೂಮಿನಿಯಂ ಬ್ಯಾಫಲ್ ಕೂಡ ಇದೆ, ಆದ್ದರಿಂದ ಆಕಾರ ನೋಡಿ ಲೋಹ ನಿರ್ಧರಿಸಬೇಡಿ.

ಫ್ರಿಜ್ ಮೇಲಿನ ಆಯಸ್ಕಾಂತ ಇಟ್ಟು ನೋಡಿ. ಅಂಟಿದರೆ ಖಂಡಿತ ಸ್ಟೀಲ್. ಅಂಟದಿದ್ದರೆ ಅಲ್ಯೂಮಿನಿಯಂ ಎಂದೇನೂ ಅಲ್ಲ, ಏಕೆಂದರೆ ಒಳ್ಳೆಯ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ. ಆಗ ಚೌಕಟ್ಟಿನ ಒಂದು ಮೂಲೆಯ ಜಿಡ್ಡು ಒರೆಸಿ, ಕಾಲು ಲೋಟ ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿ, ಎರಡು ಹನಿ ಅಲ್ಲಿ ಬಿಡಿ. ಅಲ್ಯೂಮಿನಿಯಂ ಆದರೆ ಒಂದೆರಡು ನಿಮಿಷದೊಳಗೆ ಹನಿಯೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ, ಒರೆಸಿದ ಮೇಲೆ ಆ ಜಾಗ ಮಂಕಾಗಿರುತ್ತದೆ. ಸ್ಟೀಲ್ ಆದರೆ ಹನಿ ಸುಮ್ಮನೆ ಕೂತಿರುತ್ತದೆ. ಪರೀಕ್ಷೆ ಮುಗಿದ ಕೂಡಲೇ ಆ ಮೂಲೆಯನ್ನು ನೀರಿನಿಂದ ತೊಳೆದುಬಿಡಿ.

ಆಮೇಲೆ ಜಿಡ್ಡು ಮುಟ್ಟಿ ನೋಡಿ

ಒಗ್ಗರಣೆ ಹಾಕುವಾಗ, ಬೋಂಡ ಕರಿಯುವಾಗ ಮೇಲೇಳುವ ಎಣ್ಣೆ ಹನಿಗಳು ಮೊದಲು ಎಣ್ಣೆಯಾಗಿಯೇ ಇರುತ್ತವೆ. ಬೆರಳು ಆಡಿಸಿದರೆ ಜಾರುತ್ತವೆ. ಇದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಬಿಸಿನೀರು ಸಾಕು, ಬೇರೇನೂ ಬೇಡ.

ದಿನ ಕಳೆದಂತೆ ಒಲೆಯ ಕಾವು ಮತ್ತು ಗಾಳಿಯ ಆಮ್ಲಜನಕ ಸೇರಿ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆಗ ಜಿಡ್ಡು ಹಲಸಿನ ಮೇಣದಂತೆ ಬೆರಳಿಗೆ ಅಂಟುತ್ತದೆ. ಇನ್ನೂ ಬಿಟ್ಟರೆ ಕಂದು ಬಣ್ಣದ ಗಟ್ಟಿ ಪದರವಾಗಿ, ಉಗುರಿನಿಂದ ಕೆರೆದರೆ ಮಾತ್ರ ಏಳುತ್ತದೆ. ಈ ಹಂತದಲ್ಲಿ ಅದು ಎಣ್ಣೆಗಿಂತ ವಾರ್ನಿಶ್‌ಗೆ ಹತ್ತಿರದ ವಸ್ತು. ಸೋಪು ಅದರ ಮೇಲೆ ಜಾರಿಹೋಗುತ್ತದೆ, ಅದನ್ನು ಒಡೆಯಲು ಕ್ಷಾರವೇ ಬೇಕು.

ಯಾವ ಎಣ್ಣೆ ಬಳಸುತ್ತೀರಿ ಎಂಬುದರ ಮೇಲೂ ಇದು ನಿಂತಿದೆ. ಸೂರ್ಯಕಾಂತಿ ಎಣ್ಣೆ ಬೇಗ ಮೇಣವಾಗುತ್ತದೆ, ಕಡಲೆಕಾಯಿ ಎಣ್ಣೆ ಅದಕ್ಕಿಂತ ನಿಧಾನ. ಕರಾವಳಿಯ ಅಡುಗೆಮನೆಗಳ ತೆಂಗಿನೆಣ್ಣೆ ಹೀಗೆ ಹೆಣೆದುಕೊಳ್ಳುವುದು ತೀರಾ ಕಡಿಮೆ. ಅದು ತಣ್ಣಗಾದಾಗ ಬೆಳ್ಳಗೆ ಗಟ್ಟಿಯಾಗುತ್ತದೆ, ಬಿಸಿನೀರು ಬಿದ್ದರೆ ಕರಗಿ ಇಳಿಯುತ್ತದೆ. ತೆಂಗಿನೆಣ್ಣೆ ಮನೆಯವರು ‘ಬಿಸಿನೀರಲ್ಲೇ ಹೋಗುತ್ತಲ್ಲ’ ಎಂದರೆ ಅದು ಅವರ ಮನೆಯ ಮಟ್ಟಿಗೆ ನಿಜ.

ಆಯ್ಕೆಗಳು

ಅಡುಗೆ ಸೋಡಾ ಮತ್ತು ವಾಷಿಂಗ್ ಸೋಡಾ ಎರಡೂ ಬಿಳಿ ಪುಡಿ, ಹೆಸರಲ್ಲೂ ಸೋಡಾ ಇದೆ ಎಂದು ಒಂದರ ಬದಲು ಇನ್ನೊಂದು ಹಾಕುವವರಿದ್ದಾರೆ. ಇವುಗಳ ಶಕ್ತಿಯಲ್ಲಿ ಬಹಳ ಅಂತರವಿದೆ. ಅಡುಗೆ ಸೋಡಾ ತೀರಾ ಸೌಮ್ಯ ಕ್ಷಾರ, ಅದರ ಪಿಎಚ್ ಸುಮಾರು 8.3. ಮೇಣವಾದ ಜಿಡ್ಡನ್ನು ಒಡೆಯುವ ಶಕ್ತಿ ಅದಕ್ಕಿಲ್ಲ. ಅದರಿಂದ ಆಗುವ ಉಪಕಾರವೆಂದರೆ ನಯವಾದ ಪುಡಿಯಾಗಿ ಗೀರು ಬೀಳದಂತೆ ಉಜ್ಜಲು ಒದಗುವುದು. ವಾಷಿಂಗ್ ಸೋಡಾದ ಪಿಎಚ್ 11ರ ಮೇಲಿರುತ್ತದೆ. ಬಿಸಿನೀರಿನಲ್ಲಿ ಅದು ಎಣ್ಣೆಯ ಒಂದು ಭಾಗವನ್ನು ಸೋಪಾಗಿಯೇ ಮಾರ್ಪಡಿಸುತ್ತದೆ, ಆ ಸೋಪು ಉಳಿದ ಜಿಡ್ಡನ್ನು ಸಡಿಲಿಸುತ್ತದೆ. ಸ್ಟೀಲ್ ಬ್ಯಾಫಲ್‌ಗೆ ಇದಕ್ಕಿಂತ ಅಗ್ಗವಾದ, ಇದಕ್ಕಿಂತ ಒಳ್ಳೆಯ ಆಯ್ಕೆ ನಮ್ಮ ತಿಳಿವಳಿಕೆಯಲ್ಲಿ ಇಲ್ಲ. ಅಲ್ಯೂಮಿನಿಯಂಗೆ ಮಾತ್ರ ಇದನ್ನು ಮುಟ್ಟಿಸಬಾರದು.

ಕಾಸ್ಟಿಕ್ ಸೋಡಾ ಇವೆರಡಕ್ಕಿಂತ ಎಷ್ಟೋ ಪಾಲು ಬಲವಾದದ್ದು. ಗಟ್ಟಿ ವಾರ್ನಿಶ್ ಪದರವನ್ನೂ ಬೇಗ ಎಬ್ಬಿಸುತ್ತದೆ. ಆದರೆ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಚರ್ಮ ಸುಡುತ್ತದೆ, ನೀರಿಗೆ ಹಾಕಿದಾಗ ತಾನೇ ಕುದಿಯುವಷ್ಟು ಬಿಸಿಯಾಗುತ್ತದೆ. ಅಲ್ಯೂಮಿನಿಯಂ ಮೇಲೆ ಬಿದ್ದರೆ ಲೋಹವನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ, ಅದು ಉರಿಯುವ ಅನಿಲ. ಸಿಂಕ್ ಕಟ್ಟಿಕೊಂಡಾಗ ಸುರಿಯುವ ಡ್ರೇನ್ ಪುಡಿಗಳಲ್ಲಿ ಇರುವುದೂ ಮುಖ್ಯವಾಗಿ ಇದೇ. ಮಕ್ಕಳು ಓಡಾಡುವ ಮನೆಯಲ್ಲಿ ಫಿಲ್ಟರ್ ತೊಳೆಯಲು ಇದನ್ನು ತರುವ ಅಗತ್ಯವೇ ಇಲ್ಲ. ವಾಷಿಂಗ್ ಸೋಡಾದಲ್ಲಿ ಎರಡು ಸಲ ನೆನೆಹಾಕಿದರೆ ಅದೇ ಕೆಲಸ ಆಗುತ್ತದೆ.

ವಿನೆಗರ್ ಮತ್ತು ನಿಂಬೆರಸ ಆಮ್ಲಗಳು, ಜಿಡ್ಡಿಗೆ ಇವುಗಳಿಂದ ಹೆಚ್ಚೇನೂ ಆಗದು. ವಿನೆಗರಿಗೆ ಅಡುಗೆ ಸೋಡಾ ಹಾಕಿದಾಗ ಬುಸ್ಸನೆ ನೊರೆ ಬರುವುದನ್ನು ನೋಡಿ ಜಿಡ್ಡು ಬಿಡುತ್ತಿದೆ ಎನಿಸುತ್ತದೆ. ಅಲ್ಲಿ ಆಮ್ಲ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡು ಉಪ್ಪುನೀರು ಉಳಿಯುತ್ತದೆ, ಬರುವ ನೊರೆ ಇಂಗಾಲದ ಡೈಆಕ್ಸೈಡ್. ವಿನೆಗರಿಗೆ ಬೇರೊಂದು ಒಳ್ಳೆಯ ಕೆಲಸವಿದೆ. ಬೋರ್‌ವೆಲ್ ನೀರಿರುವ ಮನೆಗಳಲ್ಲಿ ಸೋಡಾ ಬಳಸಿದ ಮೇಲೆ ಟೈಲ್ಸ್ ಮೇಲೆ ತೆಳುವಾದ ಬಿಳಿ ಪೊರೆ ಉಳಿಯುತ್ತದೆ, ಅದು ನೀರಿನ ಸುಣ್ಣದಂಶ. ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ನೀರು ಸೇರಿಸಿ ಬಟ್ಟೆಯಲ್ಲಿ ಒರೆಸಿದರೆ ಅದು ಹೋಗುತ್ತದೆ. ಒಲೆ ಹಿಂದೆ ಮಾರ್ಬಲ್ ಹಾಕಿಸಿದ್ದರೆ ಮಾತ್ರ ಬೇಡ, ಅದರ ಹೊಳಪನ್ನೇ ಆಮ್ಲ ತಿನ್ನುತ್ತದೆ.

ಅಂಗಡಿಯ ಡಿಗ್ರೀಸರ್ ಸ್ಪ್ರೇಗಳಲ್ಲಿ ಹೆಚ್ಚಿನವು ಕ್ಷಾರ, ಸೋಪು ಮತ್ತು ಜಿಡ್ಡು ಕರಗಿಸುವ ದ್ರಾವಕದ ಮಿಶ್ರಣ. ನೆನೆಹಾಕಲಾಗದ ಜಾಗಕ್ಕೆ, ಅಂದರೆ ಚಿಮ್ನಿಯ ಹೊರಮೈಗೆ, ಅಂಚುಗಳಿಗೆ ಅನುಕೂಲ. ಫಿಲ್ಟರ್‌ಗೆ ಅದನ್ನೇ ಬಳಸಹೊರಟರೆ ಬಾಟಲಿಗಟ್ಟಲೆ ಬೇಕಾಗುತ್ತದೆ. ಅಲ್ಯೂಮಿನಿಯಂ ಮೇಲೆ ಬಳಸಬಹುದೇ ಎಂದು ಲೇಬಲ್‌ನಲ್ಲಿ ನೋಡಿಯೇ ಸಿಂಪಡಿಸಿ. ಸೀಮೆಎಣ್ಣೆ, ಥಿನ್ನರ್‌ಗಳನ್ನು ಗ್ಯಾಸ್ ಒಲೆಯ ಹತ್ತಿರ ತರಲೇಬೇಡಿ.

ಎರಡು ಸ್ಟೀಲ್ ಬ್ಯಾಫಲ್ ತೊಳೆಯುವ ಕ್ರಮ

60 ಸೆಂಟಿಮೀಟರ್ ಚಿಮ್ನಿ, ಎರಡು ಸ್ಟೀಲ್ ಬ್ಯಾಫಲ್, ಸೂರ್ಯಕಾಂತಿ ಎಣ್ಣೆ ಬಳಸುವ ನಾಲ್ವರ ಮನೆ, ತೊಳೆದು ಎರಡೂವರೆ ತಿಂಗಳಾಗಿದೆ ಎಂದಿಟ್ಟುಕೊಳ್ಳಿ. ಜಿಡ್ಡು ಮೇಣದ ಹಂತ ತಲುಪಿದೆ, ಅಂಚುಗಳಲ್ಲಿ ಕಂದು ಪದರವೂ ಕೂತಿದೆ.

ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ, ಚಿಮ್ನಿಯ ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ. ಒಲೆಯ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ಏಕೆಂದರೆ ಫಿಲ್ಟರ್ ಓರೆ ಮಾಡಿದಾಗ ಅದರ ಮಡಿಕೆಗಳಲ್ಲಿ ನಿಂತ ಎಣ್ಣೆ ಸುರಿಯುತ್ತದೆ. ಫಿಲ್ಟರನ್ನು ಪೇಪರ್ ಮೇಲೆ ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿ, ಇಳಿದ ಎಣ್ಣೆ ಮತ್ತು ಕೈಗೆ ಬರುವ ಗಟ್ಟಿ ಜಿಡ್ಡನ್ನು ಪೇಪರಿನಲ್ಲೇ ಒರೆಸಿ ಕಸಕ್ಕೆ ಹಾಕಿ. ಇದನ್ನು ಬಿಟ್ಟರೆ ಆ ಜಿಡ್ಡೆಲ್ಲ ಬಿಸಿನೀರಿನ ಜೊತೆ ಪೈಪಿಗೆ ಇಳಿದು, ಅಲ್ಲಿ ತಣ್ಣಗಾಗಿ, ಸಿಂಕ್ ಕೆಳಗಿನ ಬಾಗಿನಲ್ಲಿ ಕಟ್ಟಿಕೊಳ್ಳುತ್ತದೆ.

ಎರಡೂ ಫಿಲ್ಟರ್ ಮಲಗುವಷ್ಟು ಅಗಲದ ಸ್ಟೀಲ್ ಟಬ್ ಅಥವಾ ದಪ್ಪ ಪ್ಲಾಸ್ಟಿಕ್ ಟಬ್ ಬೇಕು. ತೆಳು ಪ್ಲಾಸ್ಟಿಕ್ ಈ ಬಿಸಿಗೆ ಮೆತ್ತಗಾಗುತ್ತದೆ. ಮೊದಲು 4 ಲೀಟರ್ ತಣ್ಣೀರು ಹಾಕಿ, ಅದರ ಮೇಲೆ 6 ಲೀಟರ್ ಕುದಿಯುವ ನೀರು ಸುರಿಯಿರಿ. ಟಬ್ಬಿಗೆ ಹೋಗುವ ಕಾವು ಕಳೆದು ನೀರು ಸುಮಾರು 65 ಡಿಗ್ರಿಯಲ್ಲಿ ನಿಲ್ಲುತ್ತದೆ. ಗೀಸರ್ ನೀರೊಂದೇ ಆದರೆ ಅದು ಇದಕ್ಕಿಂತ ತಣ್ಣಗಿರುತ್ತದೆ, ಹೆಚ್ಚು ಹೊತ್ತು ನೆನೆಯಬೇಕಾಗುತ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು 200 ಗ್ರಾಂ ವಾಷಿಂಗ್ ಸೋಡಾ ಪುಡಿಯನ್ನು ಉದುರಿಸುತ್ತಾ ಕಲಕಿ. ನಿಮ್ಮ ಅಂಗಡಿಯಲ್ಲಿ ಹರಳು ಹರಳಾದ ಸೋಡಾ ಸಿಕ್ಕರೆ 500 ಗ್ರಾಂ ಹಾಕಿ, ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಸೋಡಾ ಕರಗಿದ ಮೇಲೆ ಎರಡು ದೊಡ್ಡ ಚಮಚ ಪಾತ್ರೆ ಲಿಕ್ವಿಡ್ ಸೇರಿಸಿ.

ಫಿಲ್ಟರ್‌ಗಳನ್ನು ಪೂರ್ತಿ ಮುಳುಗಿಸಿ ಟಬ್ಬಿನ ಮೇಲೆ ತಟ್ಟೆ ಅಥವಾ ಹಲಗೆ ಮುಚ್ಚಿ, ಶಾಖ ಹೋಗಬಾರದು. ಇಪ್ಪತ್ತು ನಿಮಿಷಕ್ಕೆ ಒಮ್ಮೆ ತಿರುವಿ ಹಾಕಿ, ಮತ್ತೆ ಇಪ್ಪತ್ತು ನಿಮಿಷ ಬಿಡಿ. ನೀರು ಟೀ ಬಣ್ಣಕ್ಕೆ ತಿರುಗಿ ಮೇಲೆ ಕೊಳಕು ನೊರೆ ಕಟ್ಟಿದರೆ ಕೆಲಸ ನಡೆದಿದೆ ಎಂದರ್ಥ. ಈ ಹೊತ್ತಿನಲ್ಲಿ ಉಜ್ಜುವ ಆತುರ ಬೇಡ. ತೋಳು ನೋಯುವಷ್ಟು ಉಜ್ಜಬೇಕಾಗಿ ಬಂದರೆ ನೀರು ತಣ್ಣಗಾಗಿದೆ ಅಥವಾ ಸೋಡಾ ಸಾಲದು.

ಹೊರತೆಗೆದು ಮಡಿಕೆಗಳ ಒಳಗೆ ಬಾಟಲಿ ಬ್ರಷ್ ಆಡಿಸಿ, ಅಂಚುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಸ್ಟೀಲ್ ನಾರು ಹಾಕಬೇಡಿ: ಗೀರು ಬೀಳುತ್ತದೆ, ಮುಂದಿನ ಸಲ ಜಿಡ್ಡು ಆ ಗೀರುಗಳಲ್ಲೇ ಕೂರುತ್ತದೆ. ಕಂದು ಪದರ ಇನ್ನೂ ಉಳಿದಿದ್ದರೆ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು, ಹೊಸ ಬಿಸಿನೀರು ಸೋಡಾದಲ್ಲಿ ಇನ್ನೊಮ್ಮೆ ನೆನೆಸಿ. ಬ್ಯಾಫಲ್‌ನ ಕೆಳತುದಿಯಲ್ಲಿ ಎಣ್ಣೆ ಇಳಿಯಲು ಸಣ್ಣ ರಂಧ್ರಗಳಿರುತ್ತವೆ. ಅವನ್ನು ಕಡ್ಡಿಯಿಂದ ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಈ ರಂಧ್ರ ಕಟ್ಟಿಕೊಂಡರೆ ಎಣ್ಣೆ ಟ್ರೇಗೆ ಹೋಗದೆ ಒಲೆಯ ಮೇಲೆ, ಕೆಲವೊಮ್ಮೆ ಸಾರಿನ ಪಾತ್ರೆಯೊಳಗೇ ತೊಟ್ಟಿಕ್ಕುತ್ತದೆ.

ತೊಳೆದ ಮೇಲೆ ನೆಟ್ಟಗೆ ನಿಲ್ಲಿಸಿ ಒಣಗಿಸಿ, ಮಲಗಿಸಿದರೆ ಮಡಿಕೆಗಳಲ್ಲಿ ನೀರು ನಿಲ್ಲುತ್ತದೆ. ಬಿಸಿಲಲ್ಲಿ ಒಂದೆರಡು ಗಂಟೆ ಸಾಕು, ಮಳೆಗಾಲದಲ್ಲಿ ರಾತ್ರಿಯಿಡೀ ಬಿಡಿ. ಮರಳಿ ಕೂರಿಸುವಾಗ ರಂಧ್ರದ ತುದಿ ಎಣ್ಣೆ ಟ್ರೇಯ ಕಡೆಗಿರಬೇಕು. ತಿಂಗಳಿಗೊಮ್ಮೆ ತೊಳೆದರೆ ಜಿಡ್ಡು ಮೇಣವಾಗುವ ಮುಂಚೆಯೇ ಸಿಗುತ್ತದೆ, ಆಗ 100 ಗ್ರಾಂ ಸೋಡಾದಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ.

ಅಲ್ಯೂಮಿನಿಯಂ ಮೆಶ್ ಆದರೆ

ಇಲ್ಲಿ ಬಲವಾದ ಕ್ಷಾರದ ದಾರಿ ಮುಚ್ಚಿದೆ. ಹಾಗಾಗಿ ಜಿಡ್ಡು ಹಳೆಯದಾಗಲು ಬಿಡದಿರುವುದೊಂದೇ ಉಪಾಯ: ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. 5 ಲೀಟರ್ ಬಿಸಿನೀರು, ಎರಡು ದೊಡ್ಡ ಚಮಚ ಪಾತ್ರೆ ಲಿಕ್ವಿಡ್, ಬೇಕಾದರೆ ಒಂದು ದೊಡ್ಡ ಚಮಚ ಅಡುಗೆ ಸೋಡಾ, ಇಪ್ಪತ್ತು ನಿಮಿಷ. ಕೈ ತಡೆಯುವಷ್ಟು ಬಿಸಿ ಸಾಕು. ಅಡುಗೆ ಸೋಡಾ ಹಾಕಿದ ನೀರನ್ನು ಕುದಿಸಬೇಡಿ, ಕುದಿತದಲ್ಲಿ ಅದರ ಒಂದು ಭಾಗ ವಾಷಿಂಗ್ ಸೋಡಾವಾಗಿ ಬದಲಾಗುತ್ತದೆ, ಮೆಶ್ ಕಪ್ಪಾಗುತ್ತದೆ. ಡಿಶ್‌ವಾಷರಿನಲ್ಲಿ ಹಾಕಿದರೂ ಅದೇ ಗತಿ, ಅದರ ಡಿಟರ್ಜೆಂಟ್ ಕೂಡ ಕ್ಷಾರವೇ. ಸ್ಟೀಲ್ ಬ್ಯಾಫಲನ್ನು ಡಿಶ್‌ವಾಷರಿಗೆ ಹಾಕಬಹುದು.

ಮೆಶ್ಶನ್ನು ಬ್ರಷ್‌ನಿಂದ ತಿಕ್ಕಿದರೆ ಎಳೆಗಳು ಮುರಿಯುತ್ತವೆ. ಸೋಪುನೀರಿನಲ್ಲೇ ಮೇಲೆ ಕೆಳಗೆ ಜಾಲಾಡಿಸಿ, ಆಮೇಲೆ ಹೊಗೆ ಒಳಹೋಗುವ ದಿಕ್ಕಿಗೆ ವಿರುದ್ಧವಾಗಿ ಹಿಂಬದಿಯಿಂದ ನಲ್ಲಿ ನೀರು ಬಿಡಿ. ಬೆಳಕಿಗೆ ಹಿಡಿದಾಗ ಎಲ್ಲ ಕಡೆ ಒಂದೇ ಸಮನೆ ಬೆಳಕು ಕಂಡರೆ ಸ್ವಚ್ಛವಾಗಿದೆ. ಮಧ್ಯದಲ್ಲಿ ಮಬ್ಬು ಕಲೆಗಳಿದ್ದರೆ ಒಳಪದರದಲ್ಲಿ ಜಿಡ್ಡು ಉಳಿದಿದೆ. ಎರಡು ಸಲ ತೊಳೆದರೂ ಅದು ಹೋಗದಿದ್ದರೆ ಹೊಸ ಮೆಶ್ ಹಾಕಿಸುವುದೇ ಮೇಲು. ಕಪ್ಪಾದ ಮೆಶ್ ಎಸೆಯಬೇಕಿಲ್ಲ, ಬಣ್ಣ ಕೆಟ್ಟರೂ ಕೆಲಸ ಮಾಡುತ್ತದೆ. ಮುಟ್ಟಿದರೆ ಬೂದು ಪುಡಿ ಉದುರುತ್ತಿದ್ದರೆ ಮಾತ್ರ ಬದಲಿಸಿ.

ಹೊಗೆಯನ್ನು ಹೊರಬಿಡುವ ಪೈಪ್ ಇಲ್ಲದ ಚಿಮ್ನಿಗಳಲ್ಲಿ ಇದ್ದಿಲಿನ ಫಿಲ್ಟರ್ ಇರುತ್ತದೆ. ಅದನ್ನು ಸಾಮಾನ್ಯವಾಗಿ ತೊಳೆಯುವಂತಿಲ್ಲ, ಬದಲಿಸಬೇಕು. ಫಿಲ್ಟರ್ ಇಲ್ಲದ ಆಟೋ ಕ್ಲೀನ್ ಚಿಮ್ನಿಗಳಲ್ಲಿ ತೊಳೆಯಬೇಕಾದ್ದು ಎಣ್ಣೆ ಸೇರುವ ಬಟ್ಟಲು. ಆಟೋ ಕ್ಲೀನ್ ಬಟನ್ ಒತ್ತಿದಾಗ ಒಳಗಿನ ಕಾವಿಗೆ ಹೊಸ ಎಣ್ಣೆ ಕರಗಿ ಇಳಿಯುತ್ತದೆ, ಗಟ್ಟಿಯಾದ ಪದರ ಇಳಿಯುವುದಿಲ್ಲ. ಹಾಗಾಗಿ ಕೈಪಿಡಿ ಹೇಳಿದಷ್ಟು ಸಲ ತಪ್ಪದೆ ಒತ್ತಬೇಕು, ಪ್ರತಿ ಸಲವೂ ಬಟ್ಟಲು ಖಾಲಿ ಮಾಡಬೇಕು.

ಟೈಲ್ಸ್

ಗೋಡೆಯನ್ನು ಟಬ್ಬಿನಲ್ಲಿ ನೆನೆಹಾಕಲಾಗದು, ಸಿಂಪಡಿಸಿದ್ದು ಅರೆನಿಮಿಷದಲ್ಲಿ ಇಳಿದುಹೋಗುತ್ತದೆ. ಅದಕ್ಕೇ ಟೈಲ್ಸ್ ಕೆಲಸದಲ್ಲಿ ಏನು ಹಾಕುತ್ತೀರಿ ಎಂಬುದರಷ್ಟೇ, ಅದನ್ನು ಗೋಡೆಯ ಮೇಲೆ ಹೇಗೆ ನಿಲ್ಲಿಸುತ್ತೀರಿ ಎಂಬುದೂ ಮುಖ್ಯ. ಅರ್ಧ ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಒಂದು ಚಿಕ್ಕ ಚಮಚ ಪಾತ್ರೆ ಲಿಕ್ವಿಡ್ ಕರಗಿಸಿ. ಹಳೆಯ ಹತ್ತಿ ಪಂಚೆ ಅಥವಾ ಬನಿಯನ್ ತುಂಡುಗಳನ್ನು ಅದರಲ್ಲಿ ಅದ್ದಿ, ನೀರು ಸೋರದಷ್ಟು ಹಿಂಡಿ, ಒಲೆಯ ಹಿಂದಿನ ಟೈಲ್ಸಿಗೆ ಪಟ್ಟಿ ಹಾಕಿದಂತೆ ಅಂಟಿಸಿ ಹತ್ತು ನಿಮಿಷ ಬಿಡಿ. ಬಟ್ಟೆ ಒಣಗತೊಡಗಿದರೆ ಮತ್ತಷ್ಟು ಅದ್ದಿ. ತೆಗೆಯುವಾಗ ಅದೇ ಬಟ್ಟೆಯಿಂದ ಒರೆಸಿದರೆ ಮೇಣ ಸುರುಳಿ ಸುರುಳಿಯಾಗಿ ಬರುತ್ತದೆ.

ಹಚ್ಚುವಾಗ ಕೆಳಗಿನಿಂದ ಮೇಲಕ್ಕೆ ಹೋಗಿ, ಒರೆಸುವಾಗ ಮೇಲಿನಿಂದ ಕೆಳಕ್ಕೆ ಬನ್ನಿ. ಮೇಲಿನಿಂದ ಹಚ್ಚಿದರೆ ಇಳಿಯುವ ಸೋಡಾನೀರು ಕೆಳಗಿನ ಒಣ ಜಿಡ್ಡಿನಲ್ಲಿ ದಾರಿ ಕೊರೆದು ಗೆರೆ ಬಿಡುತ್ತದೆ. ಒಲೆಯ ಪಕ್ಕದ ಸ್ವಿಚ್ ಬೋರ್ಡಿಗೆ ಸ್ಪ್ರೇ ಬೀಳದಂತೆ, ಅಲ್ಯೂಮಿನಿಯಂ ಬರ್ನರ್ ಭಾಗಗಳ ಮೇಲೆ ಸೋಡಾನೀರು ತೊಟ್ಟಿಕ್ಕದಂತೆ ನೋಡಿಕೊಳ್ಳಿ. ಕೊನೆಗೆ ಎರಡು ಸಲ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ.

ಹೊಳಪಿನ ಟೈಲ್ಸಿಗೆ ಇಷ್ಟು ಸಾಕು. ಮ್ಯಾಟ್ ಟೈಲ್ಸಿನ ಮೈ ಒರಟು, ಜಿಡ್ಡು ಆ ಒರಟಿನೊಳಗೆ ಕೂರುತ್ತದೆ. ಅಲ್ಲಿ ಪಟ್ಟಿ ಹಾಕಿದ ಮೇಲೆ ನೈಲಾನ್ ಬ್ರಷ್‌ನಿಂದ ಸುತ್ತಿ ಸುತ್ತಿ ಉಜ್ಜಬೇಕು. ಗ್ರಾನೈಟ್ ಹಾಕಿಸಿದ್ದರೆ ಪಾತ್ರೆ ಲಿಕ್ವಿಡ್‌ನ ಬಿಸಿನೀರನ್ನೇ ಮೊದಲು ಪ್ರಯತ್ನಿಸಿ.

ಸಂದುಗಳು

ಟೈಲ್ಸ್ ನಡುವಿನ ಸಿಮೆಂಟ್ ಗ್ರೌಟ್ ಎಣ್ಣೆಯನ್ನೂ ಅರಿಶಿನವನ್ನೂ ಹೀರಿಕೊಳ್ಳುತ್ತದೆ. ಸೋಡಾನೀರು ತಾಗಿದ ಕೂಡಲೇ ಹಳದಿ ಸಂದು ಕೆಂಪಾದರೆ ಗಾಬರಿ ಬೇಡ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ನೀರು ಕೆಂಪಾಗುವುದೂ ಕ್ಷಾರ ತಾಗಿಯೇ. ಚೆನ್ನಾಗಿ ನೀರು ಹಾಕಿ ಒರೆಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಒಂದು ರೀತಿಯಲ್ಲಿ ಇದು ಉಪಕಾರವೇ, ಯಾವ ಕಲೆ ಎಣ್ಣೆಯದು, ಯಾವುದು ಅರಿಶಿನದ್ದು ಎಂದು ಆ ಕೆಂಪು ತೋರಿಸಿಕೊಡುತ್ತದೆ.

ಜಿಡ್ಡು ಪೂರ್ತಿ ಹೋದ ಮೇಲೆ ಉಳಿದ ಹಳದಿಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡನ್ನು ಅಡುಗೆ ಸೋಡಾದ ಜೊತೆ ಮಂದವಾಗಿ ಕಲಸಿ ಸಂದಿಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ. ಬಣ್ಣದ ಗ್ರೌಟ್ ಆದರೆ ಮೂಲೆಯಲ್ಲಿ ಮೊದಲು ನೋಡಿ, ಬಣ್ಣ ತೆಳುವಾಗಬಹುದು. ಕಿಟಕಿಯಿಂದ ನೇರ ಬಿಸಿಲು ಬೀಳುವ ಗೋಡೆಯಾದರೆ ಅರಿಶಿನ ಕೆಲವು ದಿನಗಳಲ್ಲಿ ತಾನೇ ಮಾಸುತ್ತದೆ.

ಟಾಯ್ಲೆಟ್ ಕ್ಲೀನರ್ ಹಾಕಿದರೆ ಸಂದು ಬೆಳ್ಳಗಾಗುವುದು ನಿಜ. ಆದರೆ ಬೆಳ್ಳಗಾಗುವುದು ಅದರಲ್ಲಿನ ಆಮ್ಲ ಸಿಮೆಂಟಿನ ಮೇಲ್ಪದರವನ್ನೇ ಕರಗಿಸಿ ತೆಗೆಯುವುದರಿಂದ. ನಾಲ್ಕಾರು ಸಲ ಹಾಗೆ ಮಾಡಿದರೆ ಸಂದು ಗುಳಿಬಿದ್ದು ಮೊದಲಿಗಿಂತ ಹೆಚ್ಚು ಎಣ್ಣೆ ಹೀರುತ್ತದೆ, ಅದರ ಆವಿ ಪಕ್ಕದ ಸ್ಟೀಲಿಗೂ ಕಲೆ ಹಿಡಿಸುತ್ತದೆ. ಟಾಯ್ಲೆಟ್ ಕ್ಲೀನರನ್ನಾಗಲಿ ವಿನೆಗರನ್ನಾಗಲಿ ಬ್ಲೀಚಿನ ಜೊತೆ ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ.

ಎಷ್ಟು ತೊಳೆದರೂ ಸಂದು ಕಪ್ಪಾಗಿಯೇ ಇದ್ದರೆ ಎಣ್ಣೆ ಆಳಕ್ಕೆ ಇಳಿದಿದೆ, ಇನ್ನು ಯಾವ ಸೋಡಾದಿಂದಲೂ ಅದು ಬರುವುದಿಲ್ಲ. ಟೈಲ್ಸ್ ಕೆಲಸದವರನ್ನು ಕರೆಸಿ, ಒಲೆಯ ಹಿಂದಿನ ಭಾಗದಷ್ಟೇ ಹಳೆಯ ಗ್ರೌಟ್ ಕೆರೆಸಿ ಎಪಾಕ್ಸಿ ಗ್ರೌಟ್ ತುಂಬಿಸಿ. ಸಿಮೆಂಟ್ ಗ್ರೌಟಿಗಿಂತ ದುಬಾರಿ, ತುಂಬುವ ಕೆಲಸವೂ ನಿಧಾನ. ಆದರೆ ಅದು ಎಣ್ಣೆ ಹೀರುವುದಿಲ್ಲ, ಅಡುಗೆ ಮುಗಿದ ಮೇಲೆ ಸೋಪಿನ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಂದೂ ಟೈಲ್ಸಿನ ಜೊತೆಗೇ ಸ್ವಚ್ಛವಾಗುತ್ತದೆ.